ಪ್ರೊಬೇಟ್ ಬೇಕಾ, ಬೇಡವಾ? ವಿಲ್ ಮೇಲಿನ ಜಗಳ ನಮ್ಮ ಜಿಲ್ಲೆಗಳಲ್ಲಿ ನಡೆಯುವುದು ಹೇಗೆ

2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಂದು ತಿದ್ದುಪಡಿ ಕಾಯ್ದೆ ಪಾಸು ಮಾಡಿತು. ಹಳೆಯ, ಬಳಕೆಯಲ್ಲಿಲ್ಲದ ಎಷ್ಟೋ ಕಾನೂನುಗಳನ್ನು ರದ್ದು ಮಾಡುವ ಆ ಕಾಯ್ದೆಯೊಳಗೆ ಒಂದು ಸಣ್ಣ ಸಾಲಿತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಂ ತೆಗೆದುಹಾಕಲಾಗಿದೆ ಅಂತ. ಸುದ್ದಿ ಬಂದದ್ದು ‘ಇನ್ನು ಪ್ರೊಬೇಟ್ ಕಡ್ಡಾಯವಲ್ಲ’ ಎಂದು. ಇದನ್ನು ಓದಿದವರು ‘ವಿಲ್ ಕೈಯಲ್ಲಿದ್ದರೆ ಸಾಕು, ಕೋರ್ಟ್ ಗೊಡವೆ ಇಲ್ಲ’ ಎಂದು ತಿಳಿದುಕೊಳ್ಳುವುದು ಸುಲಭ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಯ ಮನೆಗಳಿಗೆ ಈ ತಿಳಿವಳಿಕೆ ತುಂಬಾ ತುಟ್ಟಿಯಾಗಬಹುದು.

ಮೊದಲು ಪ್ರೊಬೇಟ್ ಅಂದರೆ ಏನು ಅಂತ ನೋಡೋಣ. ಸತ್ತವರು ಬರೆದಿಟ್ಟ ವಿಲ್, ಅಂದರೆ ನಮ್ಮ ಕಡೆ ಮೃತ್ಯುಪತ್ರ ಎಂದು ಕರೆಯುವ ಕಾಗದ, ನಿಜವಾದದ್ದೇ, ಕಾಯ್ದೆ ಪ್ರಕಾರ ಆದದ್ದೇ ಎಂದು ಕೋರ್ಟ್ ಪರಿಶೀಲಿಸುತ್ತದೆ. ಆಮೇಲೆ ಆ ವಿಲ್‌ನ ನಕಲಿಗೆ ತನ್ನ ಮೊಹರು ಹಾಕಿ ಕೊಡುತ್ತದೆ. ಅದೇ ಪ್ರೊಬೇಟ್. ಅದು ಸಿಗುವುದು ವಿಲ್‌ನಲ್ಲಿ ‘ಇದನ್ನು ಜಾರಿ ಮಾಡುವ ಹೊಣೆ ಇವರದು’ ಎಂದು ಹೆಸರಿಸಿದ ಎಕ್ಸಿಕ್ಯೂಟರ್‌ಗೆ ಮಾತ್ರ. ಯಾರನ್ನೂ ಹೆಸರಿಸಿಲ್ಲದಿದ್ದರೆ ಆಸ್ತಿ ಪಡೆಯುವವರು ವಿಲ್ ಲಗತ್ತಿಸಿ ಆಡಳಿತ ಪತ್ರ ಕೇಳಬೇಕು. ಹೆಸರು ಬೇರೆಯಾದರೂ ಪರೀಕ್ಷೆ ಎರಡಕ್ಕೂ ಒಂದೇ.

213ನೇ ಕಲಂ ಹೇಳುತ್ತಿದ್ದುದು ಇಷ್ಟು: ಪ್ರೊಬೇಟ್ ಇಲ್ಲದೆ ವಿಲ್ ಆಧಾರದ ಹಕ್ಕನ್ನು ಯಾವ ಕೋರ್ಟಿನಲ್ಲೂ ಸಾಧಿಸುವಂತಿಲ್ಲ. ಆದರೆ ಹಿಂದೂ, ಜೈನ, ಬೌದ್ಧ, ಸಿಖ್ಖರ ವಿಲ್‌ಗಳ ಮಟ್ಟಿಗೆ ಈ ಕಟ್ಟಳೆ ಇದ್ದದ್ದು ಕೆಲವೇ ಜಾಗಗಳಿಗೆ. ಹಳೆಯ ಬಂಗಾಳ ಪ್ರಾಂತ್ಯ, ಮದ್ರಾಸ್ ಮತ್ತು ಮುಂಬೈ ಹೈಕೋರ್ಟುಗಳ ಮೂಲ ಸಿವಿಲ್ ಅಧಿಕಾರ ನಡೆಯುವ ನಗರ ಭಾಗ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಗೊಂದಲ ಆಗುತ್ತದೆ. 1956ರವರೆಗೆ ನಾವು ಮುಂಬೈಗೆ ಸೇರಿದ್ದೆವಲ್ಲ, ಹಾಗಾದರೆ ನಮಗೂ ಪ್ರೊಬೇಟ್ ಬೇಕಲ್ಲವೇ ಎಂದು. ಬೇಕಿರಲಿಲ್ಲ. ಕಾಯ್ದೆ ಹೇಳಿದ್ದು ಇಡೀ ಮುಂಬೈ ಪ್ರಾಂತ್ಯವನ್ನಲ್ಲ, ಮುಂಬೈ ಪಟ್ಟಣದ ಮಿತಿಯನ್ನು. ಬೆಳಗಾವಿ ಮತ್ತು ಆಗಿನ ಬಿಜಾಪುರ ಜಿಲ್ಲೆ ಅದರ ಹೊರಗೇ ಇದ್ದವು. ಮುಸ್ಲಿಮರ ವಿಲ್‌ಗೆ ಈ ಕಲಂ ಯಾವತ್ತೂ ಅನ್ವಯಿಸಿಲ್ಲ. ಭಾರತೀಯ ಕ್ರೈಸ್ತರನ್ನು 2002ರಲ್ಲಿ ಹೊರಗಿಟ್ಟರು.

ಅಂದರೆ ನಮ್ಮ ಮೂರು ಜಿಲ್ಲೆಗಳ ಹೊಲ, ಮನೆ, ಪ್ಲಾಟಿನ ಮಟ್ಟಿಗೆ ಹೊಸ ತಿದ್ದುಪಡಿ ಏನನ್ನೂ ಬದಲಿಸಿಲ್ಲ. ಬದಲಾದದ್ದು ಮುಂಬೈಯಲ್ಲಿ ಫ್ಲ್ಯಾಟೋ ಗಾಳೆಯೋ ಮಾಡಿಟ್ಟವರಿಗೆ. ಬೆಳಗಾವಿಯಲ್ಲಿ ಕೂತು ಬರೆದ ವಿಲ್ ಆದರೂ ಅದರಲ್ಲಿ ಮುಂಬೈ ನಗರದ ಸ್ಥಿರಾಸ್ತಿ ಇದ್ದರೆ ಅಷ್ಟರ ಮಟ್ಟಿಗೆ ಪ್ರೊಬೇಟ್ ಬೇಕಾಗುತ್ತಿತ್ತು. ಆ ಕಡ್ಡಾಯ ಹೋಯಿತು. ಪ್ರೊಬೇಟ್ ಕೇಳುವ ದಾರಿ ಮಾತ್ರ ಎಲ್ಲೆಡೆ ಹಾಗೇ ಇದೆ.

ಹಾಗಾದರೆ ನಮ್ಮಲ್ಲಿ ವಿಲ್‌ನ ಪರೀಕ್ಷೆ ಎಲ್ಲಿ ಆಗುತ್ತದೆ? ಹೆಚ್ಚಾಗಿ ವಾಟ್ನಿ ದಾವೆಯಲ್ಲಿ. ಒಂದು ಕಲ್ಪಿತ ಉದಾಹರಣೆ ಹಿಡಿದು ಹೋಗೋಣ.

ಗೋಕಾಕ ತಾಲ್ಲೂಕಿನ ಒಂದು ಮನೆ

ತಂದೆಗೆ 82 ವರ್ಷ. ತಾಯಿ ಮೊದಲೇ ತೀರಿಕೊಂಡಿದ್ದಾರೆ. ಹಿರಿಯ ಮಗ ಊರಲ್ಲೇ ಇದ್ದು ಕಬ್ಬು ಬೆಳೆಯುತ್ತಾನೆ. ಕಿರಿಯವನು ಪುಣೆಯಲ್ಲಿ ನೌಕರಿ. ಮಗಳನ್ನು ಜಮಖಂಡಿಗೆ ಕೊಟ್ಟಿದೆ. ಆಸ್ತಿ ಹೀಗಿದೆ: ತಂದೆ ತನ್ನ ಅಣ್ಣತಮ್ಮಂದಿರ ಜೊತೆ ವಾಟ್ನಿಯಲ್ಲಿ ಪಡೆದ 6 ಎಕರೆ, ಸ್ವಂತ ದುಡಿಮೆಯಿಂದ ಕೊಂಡ 3 ಎಕರೆ, ಊರಲ್ಲಿ ಸ್ವಂತ ಹಣದಲ್ಲಿ ಕಟ್ಟಿಸಿದ ಮನೆ, ಬ್ಯಾಂಕಿನಲ್ಲಿ 12 ಲಕ್ಷದ ಠೇವಣಿ. ಠೇವಣಿಗೆ ನಾಮಿನಿ ಇಲ್ಲ.

ತಂದೆ ತೀರಿದ ಒಂದೂವರೆ ವರ್ಷದ ಮೇಲೆ ಹಿರಿಯ ಮಗ ಒಂದು ವಿಲ್ ತೋರಿಸುತ್ತಾನೆ. 100 ರೂಪಾಯಿ ಇ-ಸ್ಟ್ಯಾಂಪ್ ಕಾಗದದ ಮೇಲೆ ಟೈಪ್ ಮಾಡಿದ್ದು. ತಾರೀಕು ಸಾವಿನ 9 ದಿನ ಮೊದಲಿನದು. ಎಲ್ಲಾ ಆಸ್ತಿಯೂ ಅವನಿಗೇ. ಮಗಳಿಗೆ ‘ಮದುವೆಯಲ್ಲಿ ಕೊಟ್ಟಾಗಿದೆ’ ಅಂತ ಒಂದು ಸಾಲಿದೆ. ಕಿರಿಯ ಮಗನ ಮಾತೇ ಇಲ್ಲ. ಸಾಕ್ಷಿದಾರರು ಇಬ್ಬರು: ಒಬ್ಬ ಹಿರಿಯ ಮಗನ ಹೆಂಡತಿಯ ತಮ್ಮ, ಇನ್ನೊಬ್ಬ ಅವನ ಗೆಳೆಯ. ಕೆಳಗೆ ನೋಟರಿಯ ಮೊಹರಿದೆ. ರಿಜಿಸ್ಟರ್ ಆಗಿಲ್ಲ.

ಈ ಕಾಗದದಲ್ಲಿ ಜನ ಮೊದಲು ನೋಡುವುದು ಸ್ಟ್ಯಾಂಪು ಮತ್ತು ಮೊಹರು. ಕಾಯ್ದೆ ಅವೆರಡನ್ನೂ ಕೇಳುವುದೇ ಇಲ್ಲ. ವಿಲ್‌ಗೆ ಸ್ಟ್ಯಾಂಪ್ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಟರಿ ಬೇಡ. ರಿಜಿಸ್ಟ್ರೇಶನ್ ಕೂಡ ಕಡ್ಡಾಯವಲ್ಲ. ಬೇಕಾದದ್ದು ಉತ್ತರಾಧಿಕಾರ ಕಾಯ್ದೆಯ 63ನೇ ಕಲಂನಲ್ಲಿದೆ. ಬರೆಸಿದವರು ಸಹಿ ಮಾಡಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು. ಇಲ್ಲವೇ ‘ಇದು ನನ್ನದೇ ಸಹಿ’ ಎಂದು ಬರೆಸಿದವರೇ ಅವರ ಮುಂದೆ ಒಪ್ಪಿರಬೇಕು. ಆಮೇಲೆ ಪ್ರತಿ ಸಾಕ್ಷಿಯೂ ಬರೆಸಿದವರ ಎದುರಿಗೇ ತನ್ನ ಸಹಿ ಹಾಕಬೇಕು. ಇಬ್ಬರೂ ಸಾಕ್ಷಿಗಳು ಒಂದೇ ಹೊತ್ತಿಗೆ ಅಲ್ಲಿರಬೇಕು ಎಂದೇನಿಲ್ಲ.

ಹಿರಿಯ ಮಗ ಮೊದಲು ಹೋಗುವುದು ತಲಾಟಿ ಹತ್ತಿರ. ಈಗ ಗ್ರಾಮ ಆಡಳಿತಾಧಿಕಾರಿ ಎಂದು ಹೆಸರು ಬದಲಾಗಿದ್ದರೂ ನಾವು ಕರೆಯುವುದು ತಲಾಟಿ ಅಂತಲೇ. ವಿಲ್ ಕೊಟ್ಟು ಉತಾರದಲ್ಲಿ ತನ್ನ ಹೆಸರು ಹಚ್ಚಲು ಕೇಳುತ್ತಾನೆ. ನೋಟಿಸು ಹೊರಡುತ್ತದೆ. ಇಲ್ಲಿ ತಂಗಿ ಸುಮ್ನೆ ಕೂರಬಾರದು. ನೋಟಿಸಿನ ಅವಧಿಯೊಳಗೆ ಬರವಣಿಗೆಯಲ್ಲಿ ತಕರಾರು ಕೊಡಬೇಕು. ತಕರಾರು ಬಂದರೆ ಅದು ತಹಶೀಲ್ದಾರರ ಮುಂದೆ ವಿವಾದದ ಪ್ರಕರಣವಾಗುತ್ತದೆ. ಆದರೆ ವಿಲ್ ನಿಜವೋ ಸುಳ್ಳೋ ಎಂದು ಕಂದಾಯ ಇಲಾಖೆ ಕೊನೆಯದಾಗಿ ತೀರ್ಮಾನಿಸುವಂತಿಲ್ಲ. ಉತಾರದ ನಮೂದು ಕಂದಾಯ ವಸೂಲಿಗೆ ಇರುವ ದಾಖಲೆ, ಅದರಿಂದ ಮಾಲಕಿ ಹುಟ್ಟುವುದಿಲ್ಲ. ವಿಲ್ ಬಗ್ಗೆ ತಂಟೆ ಇದ್ದರೆ ಸಿವಿಲ್ ಕೋರ್ಟಿಗೇ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ‘ಉತಾರ ಅಣ್ಣನ ಹೆಸರಿಗೆ ಆಗೇ ಹೋಯ್ತು, ಇನ್ನೇನು’ ಎಂದು ಕೈಬಿಡುವ ಅಗತ್ಯ ಯಾರಿಗೂ ಇಲ್ಲ. ತಕರಾರು ಕೊಡುವುದರಿಂದ ಆಗುವ ಲಾಭ ಬೇರೆ: ಅಣ್ಣ ಉತಾರ ತೋರಿಸಿ ಸಾಲ ತೆಗೆಯುವುದು, ಮಾರುವುದು ಕಷ್ಟವಾಗುತ್ತದೆ.

ತಂಗಿ ಈಗ ಗೋಕಾಕದ ಸಿವಿಲ್ ಕೋರ್ಟಿನಲ್ಲಿ ವಾಟ್ನಿ ದಾವೆ ಹಾಕುತ್ತಾಳೆ. ಇಬ್ಬರೂ ಸೋದರರನ್ನು ಪ್ರತಿವಾದಿ ಮಾಡುತ್ತಾಳೆ. ಆಸ್ತಿ ಪರಭಾರೆ ಆಗದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳುತ್ತಾಳೆ. ‘ವಿಲ್ ರದ್ದು ಮಾಡಿ’ ಎಂದೇ ಅವಳು ಕೇಳಬೇಕಿಲ್ಲ. ಅವಳು ಕೇಳುವುದು ವಾರಸುದಾರಳಾಗಿ ತನ್ನ ಪಾಲನ್ನು. ವಿಲ್ ಹಿರಿಯ ಮಗನ ಗುರಾಣಿ. ಅದನ್ನು ಮುಂದಿಟ್ಟವನು ಅವನು, ಸಾಬೀತು ಮಾಡಬೇಕಾದವನೂ ಅವನೇ. ಈ ಒಂದು ಮಾತನ್ನು ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಯಾರೂ ಹೇಳುವುದೇ ಇಲ್ಲ. ‘ಸುಳ್ಳು ಅಂತ ನೀನೇ ತೋರಿಸು’ ಎಂದು ಹೆದರಿಸಿ ಕೂರಿಸುತ್ತಾರೆ. ಅದು ಅನ್ಯಾಯ.

ಸಾಕ್ಷಿಕಟ್ಟೆಯಲ್ಲಿ

ವಿಲ್ ಸಾಬೀತಾಗಲು ಸಾಕ್ಷಿದಾರರಲ್ಲಿ ಕನಿಷ್ಠ ಒಬ್ಬರನ್ನು ಕೋರ್ಟಿಗೆ ತರಲೇಬೇಕು. ಹಿಂದಿನ ಸಾಕ್ಷ್ಯ ಕಾಯ್ದೆಯ 68ನೇ ಕಲಂ ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 67ನೇ ಕಲಂ. ಎದುರಿನವರು ಕಾಗದವನ್ನು ಅಲ್ಲಗಳೆದರಷ್ಟೇ ಸಾಕ್ಷಿ ಬೇಕು ಎಂಬ ವಿನಾಯಿತಿ ದಾನಪತ್ರದಂಥ ರಿಜಿಸ್ಟರ್ ಆದ ಕಾಗದಗಳಿಗಿದೆ. ವಿಲ್‌ಗೆ ಆ ವಿನಾಯಿತಿ ಇಲ್ಲ. ರಿಜಿಸ್ಟರ್ ಆಗಿದ್ದರೂ ಸಾಕ್ಷಿದಾರ ಬಂದು ಹೇಳಲೇಬೇಕು.

ದಾವೆ ತಿರುಗುವುದು ಇಲ್ಲೇ. ಹಿರಿಯ ಮಗನ ಗೆಳೆಯ ಸಾಕ್ಷಿಕಟ್ಟೆ ಏರುತ್ತಾನೆ. ತಂಗಿಯ ವಕೀಲರು ಕೇಳುತ್ತಾರೆ:

‘ಅಪ್ಪಾರು ಸಹಿ ಮಾಡೂ ಹೊತ್ತಿಗೆ ನೀವು ಅಲ್ಲಿದ್ರೇನ್ರೀ?’

‘ಇಲ್ರೀ. ನಾ ಹೋಗೂದ್ರಾಗ ಸಹಿ ಆಗಿತ್ರೀ.’

‘ನೀವು ಸಹಿ ಎಲ್ಲಿ ಮಾಡಿದ್ರಿ?’

‘ಹೊರಗ ಪಡಸಾಲ್ಯಾಗ ಮಾಡಿದೆ. ಅಪ್ಪಾರು ಒಳಗ ಮಲಗಿದ್ರು.’

ಮೊದಲ ಉತ್ತರದಿಂದಲೇ ವಿಲ್ ಬೀಳುವುದಿಲ್ಲ. ಸಹಿ ಮೊದಲೇ ಆಗಿದ್ದರೂ ಮುದುಕರು ಇವನ ಮುಂದೆ ‘ಇದು ನಾ ಮಾಡಿದ ಸಹಿ’ ಎಂದು ಒಪ್ಪಿದ್ದರೆ ಕಾಯ್ದೆಗೆ ಅಷ್ಟು ಸಾಕು. ಹಿರಿಯ ಮಗನ ವಕೀಲರು ಈ ಒಪ್ಪಿಗೆಯ ಮಾತನ್ನು ಸಾಕ್ಷಿಯಿಂದ ಹೊರಡಿಸಲು ನೋಡುತ್ತಾರೆ. ಎರಡನೆಯ ಉತ್ತರಕ್ಕೆ ಆ ಮದ್ದಿಲ್ಲ. ಸಾಕ್ಷಿಯ ಸಹಿ ಬರೆಸಿದವರ ಎದುರಿಗೆ ಆಗಿಲ್ಲ ಎಂದು ಸಾಕ್ಷಿಯೇ ಹೇಳಿದ. ಅವನ ಸಹಿ ಲೆಕ್ಕಕ್ಕಿಲ್ಲದಂತಾಯಿತು. ಉಳಿದವನು ಇನ್ನೊಬ್ಬನೇ. ವಿಲ್‌ಗೆ ಬೇಕಾದದ್ದು ಇಬ್ಬರು.

ಒಬ್ಬನೇ ಸಾಕ್ಷಿಯನ್ನು ಕರೆಸಿ ಮುಗಿಸುವವರು ಇನ್ನೊಂದು ಕಡೆ ಎಡವುತ್ತಾರೆ. ಬಂದ ಸಾಕ್ಷಿ ತನ್ನ ಸಹಿಯ ಬಗ್ಗೆ ಮಾತ್ರ ಹೇಳಿದರೆ ಸಾಲದು. ಎರಡನೆಯ ಸಾಕ್ಷಿಯೂ ನೋಡಿ, ಬರೆಸಿದವರ ಎದುರಿಗೇ ಸಹಿ ಮಾಡಿದ ಎಂಬುದನ್ನೂ ಅವನ ಬಾಯಿಂದ ಸಾಬೀತು ಮಾಡಬೇಕು. ಅದು ಅವನಿಗೆ ಗೊತ್ತಿಲ್ಲದಿದ್ದರೆ ಎರಡನೆಯವನನ್ನೂ ಕರೆಸಬೇಕು. ಇಬ್ಬರೂ ತೀರಿಹೋಗಿದ್ದರೆ? ಆಗ ಬೇರೆ ದಾರಿ ಇದೆ. ಕನಿಷ್ಠ ಒಬ್ಬ ಸಾಕ್ಷಿಯ ಕೈಬರಹ ಬಲ್ಲವರು, ಬರೆಸಿದವರ ಸಹಿ ಬಲ್ಲವರು ಬಂದು ಅವನ್ನು ಗುರುತಿಸಬೇಕು. 30 ವರ್ಷ ಹಳೆಯ ಕಾಗದವನ್ನು ನಿಜವೆಂದೇ ಊಹಿಸಬಹುದು ಎಂಬ ನಿಯಮ ಬೇರೆ ದಸ್ತೈವಜುಗಳಿಗಿದೆಯಲ್ಲ, ಅದು ವಿಲ್‌ಗೆ ಅನ್ವಯಿಸುವುದಿಲ್ಲ. ಅಜ್ಜನ ಕಾಲದ ವಿಲ್ ಟ್ರಂಕಿನಲ್ಲಿ ಸಿಕ್ಕಿತು ಅಂದರೂ ಹೀಗೇ ಸಾಬೀತು ಮಾಡಬೇಕು.

ಅನುಮಾನ ಬೇರೆ, ಮೋಸದ ಆರೋಪ ಬೇರೆ

ಸಾಕ್ಷಿ ಸರಿಯಾಗಿ ಹೇಳಿದ ಎಂದೇ ಇಟ್ಟುಕೊಳ್ಳೋಣ. ಅಲ್ಲಿಗೂ ಮುಗಿಯುವುದಿಲ್ಲ. ವಿಲ್ ಓದುವ ಹೊತ್ತಿಗೆ ಬರೆಸಿದವರು ಬದುಕಿಲ್ಲ. ಹೌದೋ ಅಲ್ಲವೋ ಎಂದು ಅವರನ್ನು ಕೇಳುವಂತಿಲ್ಲ. ಅದಕ್ಕೇ ಕೋರ್ಟು ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತದೆ: ಈ ವಿಲ್ ಸುತ್ತ ಅನುಮಾನ ಹುಟ್ಟಿಸುವ ಸಂಗತಿಗಳಿವೆಯೇ? ಇದ್ದರೆ ವಿಲ್ ಮುಂದಿಟ್ಟವನು ಅವನ್ನು ಸರಿಯಾಗಿ ವಿವರಿಸಿದ್ದಾನೆಯೇ? ಈ ಕಾನೂನಿಗೆ ಬುನಾದಿಯಾದ ತೀರ್ಪು ನಮ್ಮ ರಾಜ್ಯದಿಂದಲೇ ಹೋದದ್ದು. ಹಳೆ ಮೈಸೂರಿನ ಒಂದು ಮನೆಯ ವಿಲ್ ಮೇಲೆ 1959ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ವೆಂಕಟಾಚಲ ಅಯ್ಯಂಗಾರ್ ತೀರ್ಪು. ಇಂದಿಗೂ ವಿಲ್ ದಾವೆಗಳಲ್ಲಿ ಎರಡೂ ಕಡೆಯ ವಕೀಲರು ಅದನ್ನೇ ಹಿಡಿಯುತ್ತಾರೆ.

ನಮ್ಮ ಉದಾಹರಣೆಯಲ್ಲಿ ಅನುಮಾನ ಎಲ್ಲಿದೆ ನೋಡಿ. ಸಾವಿಗೆ 9 ದಿನ ಮೊದಲು ವಿಲ್ ಆಗಿದೆ. ಆಗ ತಂದೆ ಆಸ್ಪತ್ರೆಯಲ್ಲಿದ್ದರೋ ಮನೆಯಲ್ಲಿದ್ದರೋ? ಪ್ರಜ್ಞೆ ಹೇಗಿತ್ತು? ಆಸ್ಪತ್ರೆಯ ಕೇಸ್ ಶೀಟ್ ತರಿಸಿದರೆ ಗೊತ್ತಾಗುತ್ತದೆ. ವಿಲ್ ಬರೆಸಲು ಓಡಾಡಿದ್ದು, ಇ-ಸ್ಟ್ಯಾಂಪ್ ತಂದದ್ದು, ಸಾಕ್ಷಿಗಳನ್ನು ಕರೆದದ್ದು ಯಾರು? ಎಲ್ಲಾ ಆಸ್ತಿ ಪಡೆದ ಹಿರಿಯ ಮಗನೇ ಆಗಿದ್ದರೆ ಅದು ದೊಡ್ಡ ಅನುಮಾನ. ಇ-ಸ್ಟ್ಯಾಂಪಿನ ಮೇಲೆ ಅದು ಹೊರಟ ದಿನ, ಹೊತ್ತು, ಯಾರ ಹೆಸರಲ್ಲಿ ತೆಗೆದದ್ದು ಎಲ್ಲ ಅಚ್ಚಾಗಿರುತ್ತದೆ. ಅದರ ನಂಬರಿನಿಂದ ಅಸಲಿಯೋ ನಕಲಿಯೋ ಎಂದೂ ತಾಳೆ ನೋಡಬಹುದು. ವಿಲ್‌ನ ತಾರೀಕಿಗಿಂತ ಸ್ಟ್ಯಾಂಪ್ ತಡವಾಗಿ ಹೊರಟಿದ್ದರೆ ಬೇರೆ ಸಾಕ್ಷಿಯೇ ಬೇಕಿಲ್ಲ. ಬೇಡವಾಗಿದ್ದ ಸ್ಟ್ಯಾಂಪ್ ಕಾಗದವೇ ಸುಳ್ಳು ವಿಲ್ ಅನ್ನು ಹಿಡಿದುಕೊಡುವುದು ಹೀಗೆ.

ಆಮೇಲೆ ಕಾಗದವನ್ನೇ ನೋಡಬೇಕು. ಸಹಿ ಇರುವ ಜಾಗಕ್ಕೆ ಹೊಂದಿಸಲು ಕೊನೆಯ ಸಾಲುಗಳನ್ನು ಒತ್ತಿ ಒತ್ತಿ ಟೈಪ್ ಮಾಡಿದ್ದರೆ, ಖಾಲಿ ಹಾಳೆಯ ಸಹಿ ಮೊದಲು ಸಿಕ್ಕಿ ಬರಹ ಆಮೇಲೆ ಬಂತು ಅನ್ನಿಸುತ್ತದೆ. ಸದಾ ಸಹಿ ಮಾಡುತ್ತಿದ್ದವರು ಈ ಕಾಗದಕ್ಕೆ ಮಾತ್ರ ಹೆಬ್ಬೆಟ್ಟು ಒತ್ತಿದ್ದರೆ ಏಕೆ ಎಂದು ಹೇಳಬೇಕು. ಕಿರಿಯ ಮಗನ ಹೆಸರೇ ಇಲ್ಲ, ಹೊಲದ ಸರ್ವೇ ನಂಬರ್ ತಪ್ಪಾಗಿದೆ ಅಂದರೆ ಇದು ನಿಜಕ್ಕೂ ಆ ತಂದೆಯ ಮಾತೇ ಎಂಬ ಪ್ರಶ್ನೆ ಏಳುತ್ತದೆ. ಒಂದೂವರೆ ವರ್ಷ ವಿಲ್ ಅನ್ನು ಯಾಕೆ ಬಚ್ಚಿಟ್ಟಿದ್ದ? ಆ ನಡುವೆ ಅವನೇ ಎಲ್ಲರ ಹೆಸರು ಹಾಕಿ ವಾರಸಾ ಅರ್ಜಿ ಕೊಟ್ಟಿದ್ದರೆ ಆ ಅರ್ಜಿಯ ನಕಲು ತಂಗಿಯ ಕೈಗೆ ಸಿಕ್ಕ ಒಳ್ಳೆಯ ಆಯುಧ.

ಸಹಿ ತಾಳೆ ನೋಡಲು ಅದೇ ಕಾಲದ, ಎಲ್ಲರೂ ಒಪ್ಪುವ ಸಹಿಗಳು ಬೇಕು. ಬ್ಯಾಂಕಿನ ಸಹಿ ಕಾರ್ಡು, ಸಕ್ಕರೆ ಕಾರ್ಖಾನೆಗೆ ಕಬ್ಬಿನ ಕರಾರು ಮಾಡಿದ ಕಾಗದ, ಸೊಸೈಟಿ ಸಾಲದ ಪತ್ರ ಇಂಥವು. ಆದರೆ ಕೈಬರಹ ತಜ್ಞರ ವರದಿಯನ್ನೇ ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಅದು ಒಂದು ಅಭಿಪ್ರಾಯ ಮಾತ್ರ. 82 ವರ್ಷದವರ ಕೈ ನಡುಗುತ್ತದೆ, ಸಹಿ ದಿನಕ್ಕೊಂದು ರೀತಿ ಇರುತ್ತದೆ. ಎರಡೂ ಕಡೆಯವರು ತಮ್ಮ ತಮ್ಮ ತಜ್ಞರನ್ನು ತಂದರೆ ಕೋರ್ಟು ಕೊನೆಗೆ ಸುತ್ತಲಿನ ಸಂಗತಿಗಳನ್ನೇ ನೋಡಬೇಕಾಗುತ್ತದೆ. ಹೆಬ್ಬೆಟ್ಟಿನ ತಾಳೆ ಇದಕ್ಕಿಂತ ಹೆಚ್ಚು ಗಟ್ಟಿ.

ಇನ್ನೊಂದು ಬದಿಯನ್ನೂ ಹೇಳಬೇಕು. ಮುಪ್ಪು ಒಂದೇ ಅನುಮಾನವಲ್ಲ. ಮಗಳಿಗೆ ಕಡಿಮೆ ಕೊಟ್ಟರು ಎಂಬುದೊಂದೇ ಸಾಲದು. ಕಾಯ್ದೆ ಕೊಡುವ ಹಂಚಿಕೆ ಬೇಡ ಎಂದೇ ತಾನೆ ಜನ ವಿಲ್ ಬರೆಸುವುದು? ಹತ್ತು ವರ್ಷ ನೋಡಿಕೊಂಡ ಮಗನಿಗೆ ಜಾಸ್ತಿ ಕೊಡುವುದು ಸಹಜ. ಸಬ್ ರಿಜಿಸ್ಟ್ರಾರ್ ಮುಂದೆ ಹೋಗಿ ರಿಜಿಸ್ಟರ್ ಮಾಡಿಸಿದ್ದರೆ ಅದು ವಿಲ್ ಪರವಾಗಿ ಒಂದು ತೂಕ. ಆದರೆ ಬೇರೆ ಅನುಮಾನಗಳನ್ನೆಲ್ಲ ಅದೊಂದೇ ಒರೆಸಿಹಾಕುವುದಿಲ್ಲ. ಕೋರ್ಟು ಎಲ್ಲವನ್ನೂ ಸೇರಿಸಿ ತೂಗುತ್ತದೆ.

ಈಗ ದಾವೆ ಹಾಕುವವರು ತುಂಬಾ ಎಡವುವ ಜಾಗ. ತಂಗಿ ತನ್ನ ಅರ್ಜಿಯಲ್ಲಿ ‘ಅಣ್ಣ ಅಪ್ಪನಿಗೆ ಮೋಸ ಮಾಡಿ, ಹೆದರಿಸಿ, ಒತ್ತಾಯದಿಂದ ಸಹಿ ಹಾಕಿಸಿಕೊಂಡ’ ಎಂದು ಬರೆದರೆ ಅದನ್ನು ಸಾಬೀತು ಮಾಡುವ ಹೊರೆ ಅವಳ ಮೇಲೆ ಬೀಳುತ್ತದೆ. ಮೋಸ, ಬಲವಂತದಿಂದ ಆದ ವಿಲ್ ಅಸಿಂಧು ಎಂದು 61ನೇ ಕಲಂ ಹೇಳುತ್ತದೆ, ನಿಜ. ಆದರೆ ಯಾವಾಗ, ಎಲ್ಲಿ, ಹೇಗೆ ಎಂದು ಅವಳು ವಿವರ ಕೊಡಬೇಕು, ಸಾಕ್ಷಿ ತರಬೇಕು. ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಜಮಖಂಡಿಯಲ್ಲಿದ್ದ ಮಗಳು ಎಲ್ಲಿಂದ ಸಾಕ್ಷಿ ತರುತ್ತಾಳೆ? ಅದೇ ಅನುಮಾನದ ಸಂಗತಿಗಳನ್ನು ಒಂದೊಂದಾಗಿ ಮುಂದಿಟ್ಟರೆ ಉತ್ತರ ಕೊಡುವ ಹೊರೆ ಅಣ್ಣನ ಮೇಲೇ ಉಳಿಯುತ್ತದೆ. ಇದರ ಜೊತೆಗೆ ‘ತಂದೆಯ ಸಹಿ ಅಲ್ಲ’ ಅಂತಲೂ, ‘ತಂದೆಯದೇ ಸಹಿ, ಆದರೆ ಬಲವಂತದ್ದು’ ಅಂತಲೂ ಒಂದೇ ಉಸಿರಿನಲ್ಲಿ ಬರೆದರೆ ಎರಡೂ ಸಡಿಲವಾಗುತ್ತವೆ. ನನ್ನ ಕೈಯಲ್ಲಿದ್ದರೆ ಈ ದಾವೆಯಲ್ಲಿ ಮೋಸದ ಮಾತನ್ನೇ ಎತ್ತುತ್ತಿರಲಿಲ್ಲ. ಕೇಸ್ ಶೀಟ್, ಸ್ಟ್ಯಾಂಪಿನ ವಿವರ, ಸಾಕ್ಷಿಗಳ ಸಂಬಂಧ, ಒಂದೂವರೆ ವರ್ಷದ ಮೌನ. ಇಷ್ಟನ್ನೇ ಹಿಡಿಯುತ್ತಿದ್ದೆ.

ಅಣ್ಣ ಪ್ರೊಬೇಟ್ ಕೇಳಲು ಹೋದರೆ

ಕಡ್ಡಾಯ ಇಲ್ಲದಿದ್ದರೂ ಕೆಲವರು ಬೇಕೆಂದೇ ಈ ದಾರಿ ಹಿಡಿಯುತ್ತಾರೆ. ಕಾರಣ ಇದೆ. ವಾಟ್ನಿ ದಾವೆಯ ತೀರ್ಪು ಆ ದಾವೆಯಲ್ಲಿ ಇದ್ದವರ ನಡುವಿನದು. ಪ್ರೊಬೇಟ್ ಸಿಕ್ಕರೆ ವಿಲ್ ನಿಜ ಎಂಬ ಮಾತು ಎಲ್ಲರಿಗೂ ಬದ್ಧ. ನಾಮಿನಿ ಇಲ್ಲದ 12 ಲಕ್ಷದ ಠೇವಣಿಯಂಥ ಕಡೆ, ವಾರಸುದಾರರಲ್ಲಿ ಜಗಳ ಇದೆ ಎಂದು ತಿಳಿದರೆ ಬ್ಯಾಂಕು ಕೋರ್ಟಿನ ಕಾಗದ ಕೇಳುತ್ತದೆ. ಆಗಲೂ ಇದು ಉಪಯೋಗ.

ಅರ್ಜಿಯಲ್ಲಿ ಸಾವಿನ ತಾರೀಕು, ಇದೇ ಕೊನೆಯ ವಿಲ್ ಎಂಬ ಮಾತು, ಆಸ್ತಿಯ ಬೆಲೆ ಎಲ್ಲ ಹೇಳಬೇಕು. ಸಿಗುವಂತಿದ್ದರೆ ವಿಲ್‌ನ ಒಬ್ಬ ಸಾಕ್ಷಿಯೂ ಅರ್ಜಿಯನ್ನು ದೃಢೀಕರಿಸಬೇಕು. ಕೋರ್ಟು ಹತ್ತಿರದ ವಾರಸುದಾರರಿಗೆ ನೋಟಿಸು ಕಳಿಸುತ್ತದೆ, ಪತ್ರಿಕೆಯಲ್ಲೂ ಪ್ರಕಟಣೆ ಕೊಡಿಸುತ್ತದೆ. ನೋಟಿಸು ಬರುವ ಮೊದಲೇ ಅನುಮಾನ ಇದ್ದರೆ ತಂಗಿ 284ನೇ ಕಲಂ ಪ್ರಕಾರ ಕೇವಿಯಟ್ ಹಾಕಿಡಬಹುದು. ಆಗ ಅವಳಿಗೆ ತಿಳಿಸದೆ ಪ್ರಕರಣ ಮುಂದೆ ಹೋಗುವುದಿಲ್ಲ. ಅವಳು ಬಂದು ವಿರೋಧಿಸಿದ ಕೂಡಲೇ ಅರ್ಜಿಯ ವಿಚಾರಣೆ ದಾವೆಯ ರೂಪಕ್ಕೆ ತಿರುಗುತ್ತದೆ. ಅರ್ಜಿದಾರ ವಾದಿಯಾಗುತ್ತಾನೆ, ವಿರೋಧಿಸಿದವಳು ಪ್ರತಿವಾದಿ. ಸಾಕ್ಷಿದಾರ, ಅನುಮಾನ, ಅಡ್ಡಸವಾಲು ಎಲ್ಲ ಮೇಲೆ ಹೇಳಿದ ಹಾಗೆಯೇ.

ಅಣ್ಣ ತಂಗಿಯ ಹೆಸರನ್ನೇ ಅರ್ಜಿಯಲ್ಲಿ ಬಿಟ್ಟರೆ? ಅಥವಾ ಅವಳ ವಿಳಾಸ ತಪ್ಪು ಬರೆದು, ಅವಳ ಮನೆಗೆ ಬಾರದ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆದೇಶ ತಂದರೆ? ಅದು ಅಲ್ಲಿಗೇ ಮುಗಿದ ಮಾತಲ್ಲ. 263ನೇ ಕಲಂ ಪ್ರಕಾರ ಆ ಪ್ರೊಬೇಟ್ ರದ್ದು ಮಾಡಲು ಕೇಳಬಹುದು. ನೋಟಿಸು ಕೊಡಬೇಕಾದವರಿಗೆ ಕೊಡದಿರುವುದು, ಮುಖ್ಯ ಸಂಗತಿ ಮುಚ್ಚಿಟ್ಟದ್ದು ರದ್ದತಿಗೆ ನ್ಯಾಯವಾದ ಕಾರಣಗಳು. ಗೊತ್ತಾದ ಮೇಲೆ ತಡಮಾಡಬಾರದು ಅಷ್ಟೇ.

ಪ್ರೊಬೇಟ್ ಹೇಳದ ಒಂದು ವಿಷಯ ಇದೆ. ಆಸ್ತಿ ತಂದೆಯದೇ ಆಗಿತ್ತೇ ಎಂದು ಆ ಕೋರ್ಟು ನೋಡುವುದಿಲ್ಲ. ಸರಿಯಾಗಿ ಬರೆದ ವಿಲ್ ಹೌದೇ ಎಂದಷ್ಟೇ ನೋಡುತ್ತದೆ. ತನ್ನದಲ್ಲದ್ದನ್ನು ಯಾರೂ ವಿಲ್ ಮೂಲಕ ಕೊಡಲಾಗದು. ವಿಲ್ ಗೆದ್ದರೂ ಹೊಲ ಪೂರ್ತಿ ಬರುವುದಿಲ್ಲ ಎಂಬುದು ಬಹಳ ಜನಕ್ಕೆ ತಿಳಿಯುವುದು ತೀರ್ಪು ಬಂದ ಮೇಲೆ. ಗೇಣಿ ಜಮೀನಿನ ವಿಷಯದಲ್ಲಂತೂ ಜಮಖಂಡಿ ಭೂ ನ್ಯಾಯಮಂಡಳಿಯಿಂದ ಹೊರಟ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಗೇಣಿದಾರ ತನ್ನ ಗೇಣಿ ಹಕ್ಕನ್ನು ವಾರಸುದಾರರಲ್ಲದ ಹೊರಗಿನವರಿಗೆ ವಿಲ್ ಮೂಲಕ ಕೊಡುವಂತಿಲ್ಲ ಎಂದು 1998ರಲ್ಲಿ ತೀರ್ಪಾಯಿತು. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 21ನೇ ಕಲಂ ಅದಕ್ಕೆ ಅಡ್ಡ. ಮುಸ್ಲಿಂ ಮನೆಗಳಲ್ಲಿ ಮಿತಿ ಬೇರೆ ತರಹದ್ದು: ಹೊರಗಿನವರಿಗೆ ವಿಲ್ ಮೂಲಕ ಕೊಡಬಹುದಾದದ್ದು ಆಸ್ತಿಯ ಮೂರನೇ ಒಂದು ಭಾಗ ಮಾತ್ರ, ಅದಕ್ಕಿಂತ ಜಾಸ್ತಿ ಕೊಡಲು ಉಳಿದ ವಾರಸುದಾರರ ಒಪ್ಪಿಗೆ ಬೇಕು.

ಗೋಕಾಕದ ಲೆಕ್ಕ

ನಮ್ಮ ಉದಾಹರಣೆಯ ಲೆಕ್ಕ ಮಾಡಿ ನೋಡಿ. ವಾಟ್ನಿಯಲ್ಲಿ ಬಂದ 6 ಎಕರೆ ತಂದೆಯೊಬ್ಬರದೇ ಅಲ್ಲ. ತಂದೆ, ಇಬ್ಬರು ಗಂಡುಮಕ್ಕಳು, ಮಗಳು ಸೇರಿ ನಾಲ್ಕು ಪಾಲು. ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ತೀರ್ಪಿನಲ್ಲಿ ಖಚಿತ ಮಾಡಿದೆ. ಹಾಗಾಗಿ ಒಬ್ಬೊಬ್ಬರಿಗೆ 1 ಎಕರೆ 20 ಗುಂಟೆ. ತಂದೆ ವಿಲ್ ಮಾಡಬಹುದಾದದ್ದು ತನ್ನ 1 ಎಕರೆ 20 ಗುಂಟೆಯನ್ನು ಮಾತ್ರ.

ವಿಲ್ ನಿಂತರೆ ಈ ಜಮೀನಿನಲ್ಲಿ ಹಿರಿಯ ಮಗನಿಗೆ 3 ಎಕರೆ. ತಂಗಿಗೂ ಕಿರಿಯವನಿಗೂ ತಲಾ 1 ಎಕರೆ 20 ಗುಂಟೆ, ವಿಲ್ ಏನೇ ಹೇಳಲಿ. ತಂದೆ ಸ್ವಂತವಾಗಿ ಕೊಂಡ 3 ಎಕರೆ, ಮನೆ, ಠೇವಣಿ ಪೂರ್ತಿ ಹಿರಿಯವನಿಗೆ ಹೋಗುತ್ತವೆ. ವಿಲ್ ಬಿದ್ದರೆ ತಂದೆಯ ಪಾಲೂ ಮೂವರಲ್ಲಿ ಒಡೆಯುತ್ತದೆ. 6 ಎಕರೆಯಲ್ಲಿ ತಲಾ 2 ಎಕರೆ, ಕೊಂಡ ಹೊಲದಲ್ಲಿ ತಲಾ 1 ಎಕರೆ, ಮನೆಯಲ್ಲಿ ಮೂರನೇ ಒಂದು ಭಾಗ, ಠೇವಣಿಯಲ್ಲಿ ತಲಾ 4 ಲಕ್ಷ ಮತ್ತು ಅದರ ಬಡ್ಡಿ. ಅಂದರೆ ತಂಗಿಯ ಮಟ್ಟಿಗೆ ಈ ದಾವೆಯಲ್ಲಿ ಪಣಕ್ಕಿರುವುದು 1 ಎಕರೆ 20 ಗುಂಟೆ ಹೊಲ, ಮನೆಯ ಪಾಲು ಮತ್ತು 4 ಲಕ್ಷ. ರಾಜಿಗೆ ಕೂರುವ ಮೊದಲು ಎರಡೂ ಕಡೆಯವರು ಈ ಲೆಕ್ಕ ಬರೆದುಕೊಳ್ಳುವುದು ಒಳ್ಳೆಯದು. ಅಣ್ಣನ ಕಡೆಯವರು ‘ನಿನಗೆ ಏನೂ ಇಲ್ಲ’ ಎಂದು ಹೇಳುವಂತಿಲ್ಲ. ತಂಗಿಯ ಕಡೆಯವರು ಎಲ್ಲದರಲ್ಲೂ ಮೂರನೇ ಪಾಲು ಖಾತ್ರಿ ಎಂದು ನಂಬಿ ಕೂರುವಂತಿಲ್ಲ.

ಕೋರ್ಟು ವಿಲ್ ಸಾಬೀತಾಗಿಲ್ಲ ಎಂದರೆ ಮೊದಲು ಯಾರಿಗೆ ಎಷ್ಟು ಪಾಲು ಎಂಬ ಪ್ರಾಥಮಿಕ ಡಿಕ್ರಿ ಬರುತ್ತದೆ. ಹೊಲವನ್ನು ನೆಲದ ಮೇಲೆ ಅಳೆದು ಬೇರೆ ಮಾಡಿ ಕಬ್ಜಾ ಕೊಡುವುದು ಆಮೇಲಿನ ಅಂತಿಮ ಡಿಕ್ರಿ ಹಂತದಲ್ಲಿ, ಅದೂ ಕಂದಾಯ ಇಲಾಖೆಯ ಮೂಲಕ. ಹೈಕೋರ್ಟಿನವರೆಗೆ ಹೋದರೆ ಬೆಳಗಾವಿ, ಬಾಗಲಕೋಟೆಯ ಮೇಲ್ಮನವಿ ಧಾರವಾಡ ಪೀಠಕ್ಕೆ, ವಿಜಯಪುರದ್ದು ಕಲಬುರಗಿ ಪೀಠಕ್ಕೆ. ಅಲ್ಲಿಯೂ ಮೊದಲು ತೆರೆಯುವುದು ಆ ಸಾಕ್ಷಿದಾರನ ಅಡ್ಡಸವಾಲಿನ ಪುಟವನ್ನೇ. ಪಡಸಾಲೆಯಲ್ಲಿ ಸಹಿ ಮಾಡಿದೆ ಎಂದ ಮಾತನ್ನು ಮೇಲಿನ ಕೋರ್ಟಿನಲ್ಲಿ ಬದಲಿಸಲು ಬರುವುದಿಲ್ಲ.